ಬಿದ್ದ ಷೇರಿಗೆ ಇನ್ನಷ್ಟು ಹಣ ಹಾಕಲೇ?

ಪ್ರಶ್ನೆ: ಒಂದು ಔಷಧ ಕಂಪನಿಯ 100 ಷೇರುಗಳನ್ನು 400 ರೂಪಾಯಿಯಂತೆ ಕೊಂಡೆ. ಇಳಿದಾಗ 320ರಂತೆ ಇನ್ನೂ 100 ಕೊಂಡೆ. ಈಗ ಬೆಲೆ 250. ಮತ್ತೆ 200 ಕೊಂಡರೆ ಸರಾಸರಿ 360ರಿಂದ 305ಕ್ಕೆ ಇಳಿಯುತ್ತದೆ. ಕೊಳ್ಳಲೇ? ಇದು ನನ್ನ ಮೊದಲ ಹೂಡಿಕೆ, ನಿದ್ದೆ ಬರುತ್ತಿಲ್ಲ.

ಒಬ್ಬ ಸದಸ್ಯ: ಧೈರ್ಯವಾಗಿ ಕೊಳ್ಳಿ ಮೇಡಂ. ಪ್ರತಿ ತಿಂಗಳು ನಿಗದಿತ ಹಣ ಹಾಕುವ ಎಸ್‌ಐಪಿಯಲ್ಲಿ ನಾನು ವರ್ಷಗಳಿಂದ ಮಾಡುತ್ತಿರುವುದೂ ಇದನ್ನೇ.

ಹೂಡಿಕೆ ಸಲಹೆಗಾರ: ಸೂಚ್ಯಂಕ ಫಂಡ್‌ನ ಎಸ್‌ಐಪಿಗೆ ನಿಮ್ಮ ಮಾತು ಸರಿ. ಅಲ್ಲಿ ಹಲವು ಕಂಪನಿಗಳಿರುತ್ತವೆ, ಸೋತದ್ದು ಹೊರಬಿದ್ದು ಬೇರೊಂದು ಬರುತ್ತದೆ. ಒಂಟಿ ಷೇರಿಗೆ ಆ ರಕ್ಷಣೆ ಇಲ್ಲ. ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400ರ ಆಸುಪಾಸಿನಲ್ಲಿತ್ತು. 2020ರ ಮಾರ್ಚ್‌ನಲ್ಲಿ ಒಂದು ಹಂತದಲ್ಲಿ 6 ರೂಪಾಯಿಗಿಂತ ಕೆಳಗೆ ಹೋಯಿತು. ನಡುವೆ ಇಳಿದಾಗಲೆಲ್ಲ ಬೆಲೆ ಹಿಂದಿನದಕ್ಕಿಂತ ಅಗ್ಗವಾಗಿಯೇ ಕಂಡಿತ್ತು.

ಮೇಡಂ, ನಿಮ್ಮ ನಷ್ಟ ಈಗ 22,000. ಇನ್ನೂ 200 ಕೊಂಡ ಮರುಕ್ಷಣವೂ ಅದು 22,000ವೇ. ಸರಾಸರಿ ಇಳಿಯುವುದು ಆ್ಯಪ್‌ನ ಪರದೆಯ ಮೇಲೆ ಮಾತ್ರ. ಷೇರು 305 ಮುಟ್ಟಿದರೆ ಅಸಲು ಕೈಗೆ ಬರುತ್ತದೆ, ನಿಜ. ಆದರೆ 200ಕ್ಕೆ ಬಿದ್ದರೆ ಈಗಿರುವ ಷೇರುಗಳಲ್ಲಿ 32,000 ಹೋಗುವ ಕಡೆ 42,000 ಹೋಗುತ್ತದೆ.

ಯೋಜನೆ ಹಾಕಿ ಕಂತುಗಳಲ್ಲಿ ಕೊಳ್ಳುವುದಾದರೆ, ಆ ಯೋಜನೆ ಮೊದಲ ಷೇರಿಗೂ ಮುಂಚೆಯೇ ಕಾಗದದ ಮೇಲಿರುತ್ತದೆ: ಉದಾಹರಣೆಗೆ, ಈ ಕಂಪನಿಗೆ ಒಟ್ಟು 60,000, ಮೂರು ಕಂತು, ಅದರಾಚೆ ಒಂದು ರೂಪಾಯಿಯೂ ಇಲ್ಲ. ಬೆಲೆ ಇಳಿಯಿತೆಂಬುದೊಂದೇ ಎರಡನೆಯ ಕಂತಿಗೆ ಕಾರಣವಲ್ಲ. ತ್ರೈಮಾಸಿಕ ಫಲಿತಾಂಶದಲ್ಲಿ ಮಾರಾಟವೂ ಸಾಲವೂ ನೀವು ಎಣಿಸಿದಂತೆಯೇ ಇರಬೇಕು. ಅಮೆರಿಕದ ಔಷಧ ನಿಯಂತ್ರಕರಿಂದ ಕಾರ್ಖಾನೆಗೆ ಎಚ್ಚರಿಕೆ ಪತ್ರ ಬಂದರೆ, ಲೆಕ್ಕಪರಿಶೋಧಕರು ಅವಧಿಗೆ ಮುನ್ನ ಹೊರನಡೆದರೆ, ಪ್ರವರ್ತಕರು ಸಾಲಕ್ಕೆ ಅಡವಿಟ್ಟ ಷೇರುಗಳ ಪ್ರಮಾಣ ಏರುತ್ತಿದ್ದರೆ ಉಳಿದ ಕಂತು ರದ್ದು. ಇವೆಲ್ಲ ಷೇರುಪೇಟೆಯ ಜಾಲತಾಣದಲ್ಲೇ ಸಿಗುತ್ತವೆ. ಬೆಲೆ ಬಿದ್ದ ಮೇಲೆ ಹುಟ್ಟಿದ ಯೋಜನೆಯನ್ನು ನಾನು ಯೋಜನೆ ಎನ್ನುವುದಿಲ್ಲ.

ಇನ್ನೊಬ್ಬ ಸದಸ್ಯೆ: ನನ್ನದೂ ಇದೇ ಕಥೆ ಸರ್. ಕೊನೆಗೆ 250ಕ್ಕೆ ಕೊಂಡದ್ದನ್ನು ಮಾತ್ರ 280ಕ್ಕೆ ಮಾರಿ ಲಾಭ ತೋರಿಸಬಹುದಲ್ಲವೇ?

ಹೂಡಿಕೆ ಸಲಹೆಗಾರ: ಆಗುವುದಿಲ್ಲ. ಒಂದೇ ಡಿಮ್ಯಾಟ್ ಖಾತೆಯಲ್ಲಿದ್ದರೆ ತೆರಿಗೆ ಲೆಕ್ಕಕ್ಕೆ ಮೊದಲು ಕೊಂಡದ್ದೇ ಮೊದಲು ಮಾರಿದಂತೆ. ಇಲ್ಲಿ ಕೇಳಿದವರದ್ದಾದರೆ 400ರವು ಹೋಗುತ್ತವೆ.

ಪ್ರಶ್ನೆ ಕೇಳಿದವರು: ನಾನು ಏನನ್ನೂ ಬರೆದಿಟ್ಟಿರಲಿಲ್ಲ ಸರ್. ಏಕೆ ಕೊಂಡೆ ಎಂದು ಈಗ ಬರೆಯಲು ಕುಳಿತರೆ ‘ಭಾವ ಹೇಳಿದರು’ ಎಂಬುದೊಂದೇ ಹೊಳೆಯುತ್ತದೆ. ಹಾಗಾದರೆ ಇರುವ 200ನ್ನು ಮಾರಬೇಕೇ?

ಹೂಡಿಕೆ ಸಲಹೆಗಾರ: ಬೆಲೆ ಏಕೆ ಬಿತ್ತೆಂದು ತಿಳಿಯದೆ ಹೇಳಲಾರೆ. ನಿಮ್ಮ ಷೇರುಗಳಿಗೆ ಇಂದಿನ ಬೆಲೆ 50,000. ಅಷ್ಟು ನಗದು ಕೈಯಲ್ಲಿದ್ದರೆ ಇದೇ ಷೇರನ್ನು ಇವತ್ತು ಕೊಳ್ಳುತ್ತಿದ್ದಿರಾ? ಕಳೆದ ಎರಡು ತ್ರೈಮಾಸಿಕಗಳ ಫಲಿತಾಂಶ ಓದಿ, ಉತ್ತರದೊಂದಿಗೆ ಬನ್ನಿ. ಅಲ್ಲಿಯವರೆಗೆ ಮೂರನೆಯ ಖರೀದಿ ಬೇಡ.

ಮೊದಲ ಸದಸ್ಯ: ಅಷ್ಟರಲ್ಲಿ ಷೇರು ಏರಿಬಿಟ್ಟರೆ?

ಹೂಡಿಕೆ ಸಲಹೆಗಾರ: ಏರಲಿ. ಇರುವ 200 ಅವರ ಬಳಿಯೇ ಇದೆಯಲ್ಲ.