ಅಪ್‌ಡೇಟ್: ಡೇಟಾ ಲೇಬಲಿಂಗ್‌ನಲ್ಲಿ ಗಂಟೆಗೆ ನಿಜವಾಗಿ ಎಷ್ಟು ಗಿಟ್ಟುತ್ತದೆ

ನನ್ನ ಮೂಲ ಪ್ರಶ್ನೆ: "ಅನುಭವವಿಲ್ಲದವರು ಡೇಟಾ ಲೇಬಲಿಂಗ್‌ಗೆ ಸಮಯ ಕೊಡಬಹುದೇ?"

ಡೇಟಾ ಲೇಬಲಿಂಗ್ ಎಂದರೆ ಕಂಪ್ಯೂಟರ್‌ಗೆ ಕಲಿಸಲು ಚಿತ್ರ, ಧ್ವನಿಗಳಲ್ಲಿ ಏನಿದೆ ಎಂದು ಗುರುತಿಸಿಕೊಡುವುದು. ಅದರಲ್ಲಿ ರಸ್ತೆಯ ಚಿತ್ರಗಳಲ್ಲಿ ವಾಹನಗಳ ಸುತ್ತ ಚೌಕಟ್ಟು ಎಳೆಯುವ ಕೆಲಸವನ್ನು ಮಾಡಿ ನೋಡಿದೆ. ಚಿತ್ರಕ್ಕೆ 2 ರೂಪಾಯಿಯಂತೆ, ನಿಮಿಷಕ್ಕೊಂದನ್ನು ಮುಗಿಸಿದರೆ ಗಂಟೆಗೆ 120 ರೂಪಾಯಿ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಸ್ಸಿನ ಹಿಂದೆ ಅರ್ಧ ಮರೆಯಾದ ಆಟೋಗೆ ಕಾಣುವಷ್ಟು ಭಾಗಕ್ಕೇ ಚೌಕಟ್ಟು ಹಾಕಬೇಕೋ, ಇಡೀ ಆಟೋವನ್ನು ಅಂದಾಜಿಸಿ ಹಾಕಬೇಕೋ ಎಂದು ಸೂಚನೆಗಳಲ್ಲಿ ಹುಡುಕುವುದು, ಕೂಲಿಯಿಲ್ಲದ ಅರ್ಹತಾ ಪರೀಕ್ಷೆ ಬರೆಯುವುದು, ಮುಂದಿನ ಕೆಲಸಕ್ಕಾಗಿ ಕಾಯುವುದು ಎಲ್ಲ ಸೇರಿ ಒಂದು ಗಂಟೆಯ ಕೆಲಸ ಎರಡು ಗಂಟೆಗಳನ್ನು ನುಂಗಿತು. 60 ಚಿತ್ರಗಳಲ್ಲಿ 15 ತಿರಸ್ಕೃತವಾದವು, ಹೀಗಾಗಿ ದಕ್ಕಿದ್ದು 90 ರೂಪಾಯಿ, ಅಂದರೆ ಗಂಟೆಗೆ 45. ಅದೂ ಕನಿಷ್ಠ ಮೊತ್ತ ತುಂಬುವವರೆಗೆ ಬ್ಯಾಂಕ್ ಖಾತೆಗೆ ಬರುವಂತಿಲ್ಲ. ಆದ್ದರಿಂದ ಚಿತ್ರಗಳ ಕೆಲಸ ಬಿಟ್ಟು, ಭಾಷೆ ಬಲ್ಲವರೇ ಬೇಕಾಗುವ ಕನ್ನಡ ಧ್ವನಿಯನ್ನು ಬರಹಕ್ಕಿಳಿಸುವ ಕೆಲಸಕ್ಕೆ ಮಾತ್ರ ಅರ್ಜಿ ಹಾಕಿದ್ದೇನೆ.