ಪ್ರಶ್ನೋತ್ತರ: ವೇಗ ಏರಿದಂತೆ ಕೊಬ್ಬು ಹಿಂದೆ, ಸಕ್ಕರೆ ಮುಂದೆ

ಸುಮಾ: ಡಾಕ್ಟರ್, ಟ್ರೆಡ್‌ಮಿಲ್‌ನಲ್ಲಿ ‘ಫ್ಯಾಟ್ ಬರ್ನ್’ ಅಂತ ಬರೆದಿರೋ ಹಾರ್ಟ್ ರೇಟ್ ದಾಟಿದ್ರೆ ಕೊಬ್ಬು ಕರಗೋದೇ ನಿಂತು ಹೋಗುತ್ತಾ? ಓಡ್ಲಾ, ನಡೀಲಾ?

ಡಾಕ್ಟರ್: ನಿಲ್ಲುವುದಿಲ್ಲ, ಪಾಲು ಇಳಿಯುತ್ತದೆ. ಒಂದು ಲೆಕ್ಕ ನೋಡಿ. ಬಿರುಸಾಗಿ ನಡೆದಾಗ ನಿಮಿಷಕ್ಕೆ 5 ಕ್ಯಾಲೊರಿ ಖರ್ಚಾಗಿ ಅದರಲ್ಲಿ ಶೇ. 60 ಕೊಬ್ಬಿನದಾದರೆ, ಅರ್ಧ ಗಂಟೆಗೆ ಸುಮಾರು 10 ಗ್ರಾಂ ಕೊಬ್ಬು. ಹಗುರವಾಗಿ ಓಡಿದಾಗ ನಿಮಿಷಕ್ಕೆ 10 ಕ್ಯಾಲೊರಿ, ಕೊಬ್ಬಿನ ಪಾಲು ಶೇ. 40 ಅಂದರೂ 13 ಗ್ರಾಂ. ಏದುಸಿರು ಬಿಟ್ಟು ಓಡಿದಾಗ 15 ಕ್ಯಾಲೊರಿ, ಪಾಲು ಶೇ. 15ಕ್ಕೆ ಇಳಿದರೆ 7.5 ಗ್ರಾಂ. ಯಂತ್ರ ತೋರಿಸುವುದು ವಯಸ್ಸಿನ ಸರಾಸರಿ. ವೇಗ ಏರಿದಂತೆ ನಿಮ್ಮ ದೇಹ ಕೊಬ್ಬಿನಿಂದ ಸಕ್ಕರೆಯ ಕಡೆಗೆ ಹೊರಳುವ ತಿರುವು ಅದಕ್ಕೆ ಗೊತ್ತಿಲ್ಲ.

ಪ್ರವೀಣ್ (ಜಿಮ್): ನಾನು ಕ್ಲೈಂಟ್‌ಗಳಿಗೆ 130 ದಾಟಬೇಡಿ ಅಂತೀನಿ. ದಾಟಿದ್ರೆ ಬರೀ ಕಾರ್ಬ್.

ಡಾಕ್ಟರ್: ತಿರುವು ಇರುವುದು ನಿಜ, 130 ಎಲ್ಲರದ್ದೂ ಅಲ್ಲ. ಅಭ್ಯಾಸ ಇರುವವರಲ್ಲಿ ಅದು ಇನ್ನೂ ಮೇಲಿನ ವೇಗಕ್ಕೆ ಸರಿದಿರುತ್ತದೆ.

ಲೋಕೇಶ್: ನಮಸ್ಕಾರ ಸರ್. ವಯಸ್ಸು 54, ಶುಗರ್ ಇದೆ. ಬೆಳಿಗ್ಗೆ ಐದಕ್ಕೆ ಗ್ಲಿಮಿಪಿರೈಡ್ 2 ಎಂಜಿ ಮಾತ್ರೆ ತಗೊಂಡು, ಗ್ರೂಪಲ್ಲಿ ಬಂದ ಮೆಸೇಜ್ ನೋಡಿ ತುಪ್ಪ ಹಾಕಿದ ಕಾಫಿ ಕುಡಿದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಹೋದೆ. ಕೆಳಗೆ ಚೆನ್ನಾಗೇ ಇತ್ತು. ನಂದಿ ಹತ್ರ ಬೇಗ ಬೇಗ ಹತ್ತಿದೆ. ಕೈ ನಡುಕ, ತಣ್ಣಗೆ ಬೆವರು, ಕಣ್ಣು ಮಂಜು. ಜೊತೆಗಿದ್ದವರು ಮೀಟರ್‌ನಲ್ಲಿ ನೋಡಿದ್ರೆ 58. ಖಾಲಿ ಹೊಟ್ಟೆಲಿ ಕೊಬ್ಬೇ ಉರಿಯುತ್ತೆ ಅಂದ್ಮೇಲೆ ಸಕ್ಕರೆ ಯಾಕೆ ಇಳೀತು?

ಡಾಕ್ಟರ್: ಲೋಕೇಶ್ ಅವರೇ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಳಗಿನ ಮೆಟ್ಟಿಲುಗಳಲ್ಲಿ ಮಾತಾಡುತ್ತಾ ಹತ್ತುತ್ತಿದ್ದಿರಿ, ಸ್ನಾಯುಗಳ ಖರ್ಚಿನಲ್ಲಿ ಕೊಬ್ಬಿನ ಪಾಲು ದೊಡ್ಡದಿತ್ತು. ವೇಗ ಹೆಚ್ಚಿಸಿದ ಕೂಡಲೇ ಬೇಗ ಸಂಕುಚಿಸುವ ಎಳೆಗಳು ಕೆಲಸಕ್ಕಿಳಿದವು, ಅಡ್ರಿನಲಿನ್ ಏರಿತು, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಸರಸರ ಕರಗತೊಡಗಿತು. ಸಕ್ಕರೆ ಆ ವೇಗದಲ್ಲಿ ಒಡೆಯುವಾಗ, ಕೊಬ್ಬು ಜೀವಕೋಶದೊಳಗೆ ಉರಿಯುವ ಜಾಗಕ್ಕೆ ಹೋಗುವ ದಾರಿಯೇ ಕಿರಿದಾಗುತ್ತದೆ. ಜೊತೆಗೆ ಸ್ನಾಯು ರಕ್ತದಿಂದಲೂ ಸಕ್ಕರೆ ಎಳೆದುಕೊಳ್ಳುತ್ತದೆ. ಇಷ್ಟು ಎಲ್ಲರಿಗೂ ಆಗುವುದೇ.

ಆರೋಗ್ಯವಂತರಲ್ಲಿ ಆಗ ಇನ್ಸುಲಿನ್ ಇಳಿಯುತ್ತದೆ, ಯಕೃತ್ತು ಸಕ್ಕರೆ ಬಿಟ್ಟು ರಕ್ತದಲ್ಲಿ ಮಟ್ಟ ಕಾಯುತ್ತದೆ. ನಿಮ್ಮ ಮಾತ್ರೆ ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತದೆ. ಆ ಇನ್ಸುಲಿನ್ ಯಕೃತ್ತನ್ನೂ ತಡೆಯಿತು, ಕೊಬ್ಬಿನ ಶೇಖರಣೆಯಿಂದ ಕೊಬ್ಬು ಹೊರಬರುವುದನ್ನೂ ತಡೆಯಿತು. ಬೇಡಿಕೆ ಸಕ್ಕರೆಯ ಕಡೆ ತಿರುಗಿದ ಹೊತ್ತಿಗೇ ಸರಬರಾಜು ನಿಂತಿತು. ರಾತ್ರಿಯಿಡೀ ಉಪವಾಸವಿದ್ದ ಯಕೃತ್ತಿನಲ್ಲಿ ದಾಸ್ತಾನೂ ಕಡಿಮೆಯೇ.

ಈ ಮಾತ್ರೆಯನ್ನು ದಿನದ ಮೊದಲ ತಿಂಡಿಯ ಜೊತೆ ತೆಗೆದುಕೊಳ್ಳಬೇಕು. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ 58 ಬಂದದ್ದನ್ನು ಹೇಳಿ, ಪ್ರಮಾಣ ಅವರು ನೋಡಲಿ. ಹತ್ತುವ ಮುಂಚೆ ಶುಗರ್ 90ಕ್ಕಿಂತ ಕಡಿಮೆ ಇದ್ದರೆ ಬಾಳೆಹಣ್ಣೋ ಬಿಸ್ಕತ್ತೋ ತಿಂದು ಹೊರಡಿ. ನಡುಕ ಶುರುವಾದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಕೂತುಬಿಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ತುಪ್ಪದಿಂದ ಆ ಹೊತ್ತಿಗೆ ಉಪಯೋಗವಿಲ್ಲ.

ಶಂಕರಪ್ಪ: ಫಾರ್ವರ್ಡ್: ಬೆಳಿಗ್ಗೆ ತುಪ್ಪದ ಕಾಫಿ + ಮೆಂತ್ಯ, 21 ದಿನದಲ್ಲಿ ದೇಹ ಕೊಬ್ಬಿಗೆ ಒಗ್ಗುತ್ತದೆ. ಶುಗರ್ ಮಾತ್ರೆ ಬೇಡ 🙏

ಡಾಕ್ಟರ್: ಶಂಕರಪ್ಪನವರೇ, ಇದೇ ಮೆಸೇಜ್ ನಂಬಿ ಒಬ್ಬರು ಬೆಟ್ಟದಲ್ಲಿ ಕಣ್ಣು ಮಂಜಾಗಿ ಕೂತದ್ದನ್ನು ಮೇಲೆ ಓದಿದಿರಲ್ಲ? ದಯವಿಟ್ಟು ಡಿಲೀಟ್ ಮಾಡಿ.

ಶಂಕರಪ್ಪ: ಒಳ್ಳೇದಾಗ್ಲಿ ಅಂತ ಹಾಕಿದ್ದು. ಎಲ್ಲದಕ್ಕೂ ಇಂಗ್ಲಿಷ್ ಮದ್ದೇ ಬೇಕಾ ನಿಮಗೆ?

ಕಿರಣ್: ಆದ್ರೆ ಕಾರ್ಬ್ ತೀರಾ ಕಡಿಮೆ ಮಾಡಿ ಕೊಬ್ಬೇ ಹೆಚ್ಚು ತಿನ್ನೋ ಕೀಟೋ ಮಾಡಿದವರಲ್ಲಿ ಆ ತಿರುವು ತುಂಬಾ ಮೇಲೆ ಹೋಗುತ್ತೆ ಡಾಕ್ಟ್ರೇ. ನಾನೇ 21 ಕಿಲೋಮೀಟರ್ ಏನೂ ತಿನ್ನದೆ ಓಡ್ತೀನಿ.

ವಿನುತಾ: ಯಾವ ವೇಗದಲ್ಲಿ? ಒಂದು ಲೀಟರ್ ಆಮ್ಲಜನಕಕ್ಕೆ ಕೊಬ್ಬಿಂದ ಸಿಗೋದು ಸುಮಾರು 4.7 ಕ್ಯಾಲೊರಿ, ಕಾರ್ಬಿಂದ 5. ಉಸಿರು ಸಾಲದ ವೇಗದಲ್ಲಿ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತೆ. 2017ರಲ್ಲಿ ಪ್ರಕಟವಾದ ರೇಸ್ ವಾಕರ್‌ಗಳ ಪ್ರಯೋಗದಲ್ಲೂ ಕೀಟೋ ಗುಂಪಿನವರು ಕೊಬ್ಬು ಹೆಚ್ಚು ಉರಿಸಿದ್ರು, ಅದೇ ವೇಗಕ್ಕೆ ಆಮ್ಲಜನಕ ಹೆಚ್ಚು ಬೇಕಾಯ್ತು.

ಕಿರಣ್: ಅವರು ಒಲಿಂಪಿಕ್ಸ್ ಮಟ್ಟದವರು. ನನಗೆ ಪದಕ ಬೇಡ, ಹೊಟ್ಟೆ ಇಳಿದ್ರೆ ಸಾಕು.

ವಿನುತಾ: ಹಾಗಿದ್ರೆ ಓಟದ ಮಾತು ಯಾಕೆ ತಂದ್ರಿ?

ಕಿರಣ್: ನಿಮ್ಮ ಹತ್ರ ಮಾತಾಡಿ ಉಪಯೋಗ ಇಲ್ಲ.

ಗೀತಾ: ನಮ್ಮ ಅತ್ತೆಗೂ ಶುಗರ್. ಮೆಂತ್ಯ ನೀರು ಎಷ್ಟು ಕೊಡ್ಬೇಕು?

ರಮೇಶ್: ಕೊಬ್ಬು ಕರಗೋಕೆ ಹಾರ್ಟ್ ರೇಟ್ ಎಷ್ಟಿರಬೇಕು ಸರ್?

ಡಾಕ್ಟರ್: ಸುಮಾ ಅವರಿಗೂ ಪ್ರವೀಣ್ ಅವರಿಗೂ ಬರೆದದ್ದನ್ನು ಓದಿ.

ಪ್ರವೀಣ್ (ಜಿಮ್): ಹಾಗಾದ್ರೆ ನನ್ನ ಕ್ಲೈಂಟ್‌ಗಳ ತಿರುವನ್ನ ಮಾಸ್ಕ್ ಹಾಕಿ ಉಸಿರಿನಿಂದ ಅಳೆಯೋದು ಮೈಸೂರಲ್ಲಿ ಎಲ್ಲಿ?

ಲೋಕೇಶ್: ಸರ್, ಮಾತಾಡ್ತಾ ನಿಧಾನಕ್ಕೆ ಹತ್ತಿದ್ರೆ ಏನೂ ತಿನ್ನದೆ ಹೋಗಬಹುದಾ?

ಡಾಕ್ಟರ್: ಈ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬೇಡ, ಎಷ್ಟು ನಿಧಾನವಾದರೂ. ವ್ಯಾಯಾಮ ಮುಗಿದು ಎಷ್ಟೋ ಗಂಟೆ ಆದ ಮೇಲೂ ಶುಗರ್ ಇಳಿಯಬಹುದು. ನಿಮ್ಮ ಡಾಕ್ಟರನ್ನು ನೋಡುವವರೆಗೆ ತಿಂಡಿ ತಿಂದು ಸಮತಟ್ಟಿನಲ್ಲಿ ನಡೆಯಿರಿ, ಜೇಬಲ್ಲಿ ಸಕ್ಕರೆ ಇರಲಿ, ಒಬ್ಬರೇ ಹೋಗಬೇಡಿ.