5 ಲಕ್ಷ ಕಟ್ಟಿದ ಮೇಲೆ ಕಂತು ಇಳಿಸೋದಾ, ವರ್ಷ ಇಳಿಸೋದಾ?

"ಮಾವ, 40 ಲಕ್ಷ ಮನೆ ಸಾಲ, 20 ವರ್ಷಕ್ಕೆ, ಬಡ್ಡಿ 8.5. ಫ್ಲೋಟಿಂಗ್. 3 ವರ್ಷ ಕಟ್ಟಿದ್ದೀನಿ. ಅಡಿಕೆ ದುಡ್ಡು, ಬೋನಸ್ ಎಲ್ಲಾ ಸೇರಿ 5 ಲಕ್ಷ ಇದೆ, ಸಾಲಕ್ಕೆ ಹಾಕೋಣ ಅಂತ. ಕಂತು ಕಡಿಮೆ ಮಾಡಿಸ್ಲಾ, ಅವಧಿ ಕಡಿಮೆ ಮಾಡಿಸ್ಲಾ?"

ಅವಧಿ ಇಳಿಸು ಅಳಿಯ. ಸ್ವಲ್ಪ ಉದ್ದ ಆಗುತ್ತದೆ, ಊಟ ಆದ ಮೇಲೆ ಕೂತು ಓದು.

ನಿನ್ನ ಕಂತು ಸುಮಾರು 34,713 ಇರಬೇಕು, ಅಲ್ವಾ? 3 ವರ್ಷಕ್ಕೆ ಹನ್ನೆರಡೂವರೆ ಲಕ್ಷ ಕಟ್ಟಿದ್ದೀಯ. ಅದರಲ್ಲಿ ಅಸಲಿಗೆ ಹೋಗಿರುವುದು 2 ಲಕ್ಷ 60 ಸಾವಿರ ಅಷ್ಟೇ, ಉಳಿದಿದ್ದೆಲ್ಲ ಬಡ್ಡಿ. ಈಗ ಬಾಕಿ ಅಸಲು 37 ಲಕ್ಷ 39 ಸಾವಿರದ ಹತ್ತಿರ ಇದೆ. ಸುಮ್ನೆ ಹೀಗೇ ಕಟ್ಟಿಕೊಂಡು ಹೋದರೆ ಇನ್ನು 204 ಕಂತು, ಅದರೊಳಗೆ ಇನ್ನೂ 33 ಲಕ್ಷ 42 ಸಾವಿರ ಬಡ್ಡಿ.

5 ಲಕ್ಷ ಹಾಕಿದೆ ಅಂದುಕೋ. ಅಸಲು 32 ಲಕ್ಷ 39 ಸಾವಿರಕ್ಕೆ ಇಳಿಯಿತು. ಕಂತು ಇಳಿಸಿಕೊಂಡರೆ ಅದು 30,072 ಆಗುತ್ತದೆ, ತಿಂಗಳಿಗೆ 4,641 ಉಳಿಯಿತು, ಆದರೆ ಕಂತು ಅದೇ 204. ಇನ್ನು ಕಟ್ಟುವ ಬಡ್ಡಿ 28 ಲಕ್ಷ 95 ಸಾವಿರ. ಅಂದರೆ ಉಳಿದಿದ್ದು ಸುಮಾರು ನಾಲ್ಕೂವರೆ ಲಕ್ಷ. ಕಂತು ಹಾಗೇ ಬಿಟ್ಟು ಅವಧಿ ಇಳಿಸಿದರೆ 154ನೇ ತಿಂಗಳಿಗೆ ಸಾಲ ಮುಗಿಯುತ್ತದೆ, 4 ವರ್ಷ 2 ತಿಂಗಳು ಮುಂಚೆ, ಕೊನೆಯ ಕಂತು ಅರ್ಧವೂ ಇರುವುದಿಲ್ಲ. ಬಡ್ಡಿ 20 ಲಕ್ಷ 81 ಸಾವಿರ. ಉಳಿದಿದ್ದು ಹನ್ನೆರಡೂವರೆ ಲಕ್ಷಕ್ಕೂ ಜಾಸ್ತಿ. ಬಡ್ಡಿ ದರ ಹೀಗೇ ಇದ್ದರೆ ಈ ಲೆಕ್ಕ, ದರ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಈಗ ನೀನು ಕೇಳಬೇಕು, ಅದೇ 5 ಲಕ್ಷಕ್ಕೆ 8 ಲಕ್ಷ ವ್ಯತ್ಯಾಸ ಎಲ್ಲಿಂದ ಬಂತು ಅಂತ. ಬ್ಯಾಂಕೇನೂ ಒಂದಕ್ಕೆ ಕಡಿಮೆ ಬಡ್ಡಿ, ಇನ್ನೊಂದಕ್ಕೆ ಜಾಸ್ತಿ ಹಾಕುವುದಿಲ್ಲ. ಮೊದಲ ತಿಂಗಳು ಎರಡರಲ್ಲೂ ಬಡ್ಡಿ ಒಂದೇ, 22,946. ಆದರೆ ಅವಧಿ ಇಳಿಸಿದವನು ಪ್ರತಿ ತಿಂಗಳೂ ಆ 4,641 ರೂಪಾಯಿಯನ್ನು ಅಸಲಿಗೇ ಕಟ್ಟುತ್ತಾ ಹೋಗುತ್ತಾನೆ, ಇನ್ನೊಬ್ಬ ಅದನ್ನು ಮನೆಗೆ ತರುತ್ತಾನೆ. ಅಷ್ಟೇ ಗುಟ್ಟು. ಕಂತು ಇಳಿಸಿಕೊಂಡು ಆ 4,641ನ್ನು ನೀನೇ ಪ್ರತಿ ತಿಂಗಳು ಮತ್ತೆ ಸಾಲಕ್ಕೆ ಕಟ್ಟಿದರೂ ಹೆಚ್ಚು ಕಡಿಮೆ ಅದೇ 154 ತಿಂಗಳಿಗೇ ಮುಗಿಯುತ್ತದೆ. ಆದರೆ ಕಟ್ಟುತ್ತೀಯಾ? ನಿನ್ನನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಮೂರನೇ ತಿಂಗಳಿಗೆ ಹೊಸ ಫೋನ್ ಬರುತ್ತದೆ. ಅಲ್ಲದೆ ಕೆಲವು ಬ್ಯಾಂಕು ಇಷ್ಟು ಸಣ್ಣ ಮೊತ್ತದ ಪಾರ್ಟ್ ಪೇಮೆಂಟ್ ತಗೊಳ್ಳುವುದೂ ಇಲ್ಲ.

ಒಂದು ವೇಳೆ ನಿನ್ನ ಹೆಂಡತಿ ಕೆಲಸ ಬಿಡುವ ಯೋಚನೆ ಇದ್ದರೆ, ಇಲ್ಲವೇ ನಿನ್ನ ಕೆಲಸವೇ ಅಲುಗಾಡುತ್ತಿದ್ದರೆ, ಆಗ ಕಂತು ಇಳಿಸು, ನಾನು ಬೈಯುವುದಿಲ್ಲ. ಅವಧಿ ಒಮ್ಮೆ ಇಳಿಸಿದ ಮೇಲೆ ಕಷ್ಟ ಬಂತು, ಕಂತು ಕಡಿಮೆ ಮಾಡಿ ಅಂದರೆ ಮತ್ತೆ ಅರ್ಜಿ ಹಾಕಬೇಕು, ಅವರು ಒಪ್ಪಬೇಕು. ಆರು ತಿಂಗಳ ಖರ್ಚು ಬೇರೆ ಎತ್ತಿಟ್ಟಿದ್ದೀಯಾ? ಇಲ್ಲದಿದ್ದರೆ 5 ಲಕ್ಷ ಪೂರ್ತಿ ಹಾಕಬೇಡ, 3 ಹಾಕು. ಸಾಲಕ್ಕೆ ಹೋದ ದುಡ್ಡು ವಾಪಸ್ ಬರುವುದಿಲ್ಲ.

ದಂಡದ ಭಯ ಬೇಡ. ವ್ಯಕ್ತಿಗಳ ಹೆಸರಿನ ಫ್ಲೋಟಿಂಗ್ ಮನೆ ಸಾಲಕ್ಕೆ ಮುಂಗಡ ಕಟ್ಟಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ. ನಾನು 2 ಲಕ್ಷ ಆನ್‌ಲೈನಲ್ಲಿ ಸಾಲದ ಖಾತೆಗೆ ಕಳಿಸಿ ನಿಶ್ಚಿಂತೆಯಾಗಿದ್ದೆ. ನಾಲ್ಕು ತಿಂಗಳಾದ ಮೇಲೆ ನೋಡಿದರೆ ಅದು ಮುಂದಿನ ಕಂತುಗಳ ಮುಂಗಡ ಅಂತ ಪಕ್ಕದಲ್ಲಿ ಕೂತಿತ್ತು, ಅಸಲು ಇಳಿದೇ ಇರಲಿಲ್ಲ! ಅದಕ್ಕೇ ನೀನು ಶಾಖೆಗೆ ಬರವಣಿಗೆಯಲ್ಲಿ ಕೊಡು: ಇದು ಅಸಲಿಗೆ ಪಾರ್ಟ್ ಪೇಮೆಂಟ್, ಕಂತು ಹಾಗೇ ಇರಲಿ, ಅವಧಿ ಇಳಿಸಿ ಅಂತ. ಸ್ವೀಕೃತಿ ಸೀಲ್ ಹಾಕಿಸಿಕೋ. ಮುಂದಿನ ತಿಂಗಳ ಸ್ಟೇಟ್‌ಮೆಂಟಲ್ಲಿ ಬಡ್ಡಿಯ ಕಾಲಂ ನೋಡು. ಈಗ 26,488ರ ಆಸುಪಾಸು ಇರುವುದು ಸುಮಾರು 3,540 ಇಳಿದಿರಬೇಕು, 5 ಲಕ್ಷಕ್ಕೆ ಒಂದು ತಿಂಗಳ ಬಡ್ಡಿ ಅಷ್ಟೇ ಆಗುವುದು. ತಿಂಗಳ ನಡುವೆ ಕಟ್ಟಿದರೆ ಮೊದಲ ಸಲ ಇಳಿಕೆ ಕಡಿಮೆ ಕಾಣಬಹುದು, ಎರಡನೇ ತಿಂಗಳು ಸರಿ ಬರಬೇಕು. ಹೊಸ ಕಂತಿನ ಪಟ್ಟಿ ಕೇಳಿ ತಗೋ, ಕೊನೆಯ ಸಾಲಿನಲ್ಲಿ 154 ಇದೆಯಾ ನೋಡಿ ಇಲ್ಲೇ ಫೋಟೋ ಹಾಕು.